ಕ್ಯಾಪ್ಷನ್ ಕೈಪಿಡಿ: ಸಾಗರದ ನಮ್ಮ ಉಪ್ಪಿನಕಾಯಿ ಅಂಗಡಿಗಾಗಿ ಬರೆಯುವ ನಾಲ್ವರಿಗೂ

ಅಂಗಡಿಯ ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್‌ಆ್ಯಪ್‌ಗೆ ಈಗ ನಾಲ್ವರು ಬರೆಯುತ್ತಿದ್ದೇವೆ: ಗಲ್ಲಾದಲ್ಲಿ ಕೂರುವವರು, ಅಡುಗೆಮನೆ ನೋಡಿಕೊಳ್ಳುವವರು, ಫೋಟೊ ತೆಗೆಯುವವರು, ಬೆಂಗಳೂರಿನಲ್ಲಿದ್ದು ಆರ್ಡರ್ ನಿಭಾಯಿಸುವವರು. ಸೋಮವಾರ ಭಾವಗೀತೆ, ಬುಧವಾರ ಹರಾಜಿನ ಕೂಗು ಆಗುತ್ತಿದೆ. ಗ್ರಾಹಕರಿಗೆ ನಾಲ್ವರೂ ಕಾಣುವುದಿಲ್ಲ, ಅಂಗಡಿಯೊಂದೇ ಕಾಣುತ್ತದೆ.

ನಮ್ಮ ಧಾಟಿ

ಗಲ್ಲಾದ ಮುಂದೆ ನಿಂತು "ಇದು ಯಾವ ಮಿಡಿ?" ಎಂದು ಕೇಳಿದವರಿಗೆ ನಾವು ಕೊಡುವ ಉತ್ತರವೇ ನಮ್ಮ ಧಾಟಿ. ಯಾವ ಮಿಡಿ, ಎಲ್ಲಿಯದು, ಖಾರ ಎಷ್ಟು, ಬೆಲೆ ಎಷ್ಟು. ಹೊಗಳುವುದನ್ನು ತಿಂದವರಿಗೆ ಬಿಡೋಣ.

ಓದುವವರು ಯಾವಾಗಲೂ "ನೀವು". "ಬಂಧುಗಳೇ", "ಸ್ನೇಹಿತರೇ" ಬೇಡ. ಅಂಗಡಿಯ ಪರವಾಗಿ "ನಾವು" ಎಂದೇ ಬರೆಯಿರಿ. ಬಾಟಲಿಯ ಲೇಬಲ್ಲಿನಲ್ಲಿರುವ ಕನ್ನಡವೇ ಕ್ಯಾಪ್ಷನ್ನಿನ ಕನ್ನಡ. ಮನೆಮಾತು ಗ್ರಾಹಕರ ಮಾತನ್ನು ಉದ್ಧರಿಸುವಾಗ ಮಾತ್ರ.

ಮೊದಲ ಸಾಲು

ಇನ್‌ಸ್ಟಾಗ್ರಾಮ್ ಮೊದಲ ಒಂದೆರಡು ಸಾಲು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಆದ್ದರಿಂದ ಪದಾರ್ಥದ ಹೆಸರು ಮತ್ತು ಸುದ್ದಿ ಮೊದಲ ಸಾಲಿನಲ್ಲೇ ಇರಬೇಕು. ಹೀಗೆ ಬೇಡ:

> ಮಲೆನಾಡಿನ ಮಡಿಲಿನಿಂದ ನಿಮ್ಮ ಮನೆಯಂಗಳಕ್ಕೆ! ಅಜ್ಜಿಯ ಕೈರುಚಿಯ ಅದ್ಭುತ ಉಪ್ಪಿನಕಾಯಿ! ಇಂದೇ ಆರ್ಡರ್ ಮಾಡಿ!!!

ಇದನ್ನು ಯಾರ ಬಾಟಲಿಗೆ ಅಂಟಿಸಿದರೂ ನಡೆಯುತ್ತದೆ. ಅಲ್ಲದೆ ನಮ್ಮ ಅಡುಗೆಮನೆಯಲ್ಲಿ ಅಜ್ಜಿ ಯಾರೂ ಇಲ್ಲ; ಮಸಾಲೆ ಹುರಿಯುವ ಇಬ್ಬರೂ ನಲವತ್ತು ದಾಟಿದವರಲ್ಲ. ಹೀಗೆ ಬರೆಯಿರಿ:

> ಈ ವರ್ಷದ ಜೀರಿಗೆ ಮಿಡಿ ಬಾಟಲಿಗೆ ಬಂದಿದೆ. ಮಾರ್ಚ್‌ನಲ್ಲಿ ತೊಟ್ಟು ಸಮೇತ ಕೊಯ್ದದ್ದು. ಉಪ್ಪಿನಲ್ಲಿ ಚಿರುಟಿದ ಮೇಲೆ ಸಾಸಿವೆ, ಒಣಮೆಣಸಿನ ಮಸಾಲೆ ಬೆರೆಸಿದ್ದೇವೆ. ಎಣ್ಣೆ ಹಾಕಿಲ್ಲ. ಖಾರ ತುಸು ಮುಂದಿದೆ. ಅರ್ಧ ಕಿಲೋಗೆ 280 ರೂಪಾಯಿ. ಬೇಕಾದವರು ವಾಟ್ಸ್‌ಆ್ಯಪ್ ಮಾಡಿ.

ಖಾರ ಹೆಚ್ಚಿದ್ದರೆ ಹೆಚ್ಚು ಎಂದೇ ಬರೆಯಿರಿ. ಖಾರ ಆಗದವರು ಕೊಂಡು ಬೇಸರಪಡುವುದಕ್ಕಿಂತ ಕೊಳ್ಳದಿರುವುದು ವಾಸಿ.

ಮಾಲು ಮುಗಿದಾಗ ಅಳುವ ಮುಖದ ಎಮೋಜಿ, ಉದ್ದನೆಯ ಕ್ಷಮಾಪಣೆ ಬೇಡ. ಕಾರಣ ಹೇಳಿದರೆ ಸಾಕು:

> ಹಲಸಿನ ಹಪ್ಪಳ ಮುಗಿಯಿತು. ಮಳೆ ಹಿಡಿದಿದೆ, ಒಣಗಿಸಲು ಬಿಸಿಲಿಲ್ಲ. ಇನ್ನು ಮುಂದಿನ ಬೇಸಿಗೆಗೆ.

"ಕೊನೆಯ 10 ಬಾಟಲಿ" ಎಂದು ಬರೆಯುವ ಮೊದಲು ಗಲ್ಲಾಕ್ಕೆ ಫೋನ್ ಮಾಡಿ ಎಣಿಸಿಕೊಳ್ಳಿ. ಮರುವಾರವೂ ಅದೇ 10 ಬಾಟಲಿ ಕಂಡರೆ ನಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಬರೆಯಲೇಬಾರದ್ದು

ಮುರುಗಲು ಪಿತ್ತಕ್ಕೆ ಒಳ್ಳೆಯದು, ಜೇನು ಕೆಮ್ಮಿಗೆ ಮದ್ದು ಎಂಬುದನ್ನೆಲ್ಲ ಮನೆಯಲ್ಲಿ ಹೇಳಿಕೊಳ್ಳಬಹುದು. ಕ್ಯಾಪ್ಷನ್ ಜಾಹೀರಾತು. ಆಹಾರದ ಜಾಹೀರಾತುಗಳ ಕುರಿತ 2018ರ ನಿಯಮಗಳ ಪ್ರಕಾರ ತಿನಿಸು ಕಾಯಿಲೆ ಗುಣಪಡಿಸುತ್ತದೆ ಎನ್ನುವಂತಿಲ್ಲ. "ನೈಸರ್ಗಿಕ", "ಶುದ್ಧ", "ತಾಜಾ" ಪದಗಳಿಗೂ ಅಲ್ಲಿ ಷರತ್ತುಗಳಿವೆ. ಅವಿಲ್ಲದೆಯೂ ನಮ್ಮ ಕೆಲಸ ನಡೆಯುತ್ತದೆ. "ಸಾವಯವ" ಎನ್ನಲು ಪ್ರಮಾಣಪತ್ರ ಬೇಕು. ನಮಗೆ ಮಿಡಿ ಕೊಡುವವರಲ್ಲಿ ಯಾರ ಬಳಿಯೂ ಅದಿಲ್ಲ, ಆದ್ದರಿಂದ ಆ ಪದವೂ ಬೇಡ.

ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದರ ಲಾಂಛನ ಬಳಸಲು ನೋಂದಾಯಿತ ಬಳಕೆದಾರರಾಗಿರಬೇಕು. ನಾವು ಇನ್ನೂ ಆಗಿಲ್ಲ. ಪೋಸ್ಟರಿನಲ್ಲಿ ಲಾಂಛನ ಅಂಟಿಸಬೇಡಿ. ಹೊಸನಗರದಿಂದ ಬಂದ ಮಿಡಿಯನ್ನು ಹೊಸನಗರದ್ದೆಂದೇ ಬರೆಯಿರಿ.

ಜೋಗದ ಫೋಟೊ ಹಾಕಿ ಕೆಳಗೆ ಹಪ್ಪಳದ ಬೆಲೆ ಬರೆಯುವುದನ್ನು ನಿಲ್ಲಿಸೋಣ. ಜಲಪಾತ ನಮ್ಮದಲ್ಲ.

ಕಾಗುಣಿತ, ಚಿಹ್ನೆ

ಅಪ್ಪೆಮಿಡಿ, ಜೋನಿಬೆಲ್ಲ: ಎರಡನ್ನೂ ಕೂಡಿಸಿಯೇ ಬರೆಯಿರಿ. ಮುರುಗಲು ಎಂದು ಬರೆದು, ಕರಾವಳಿಯವರಿಗಾಗಿ ಒಮ್ಮೆ "ಪುನರ್ಪುಳಿ" ಎಂದೂ ಸೇರಿಸಿ. ಬೆಲೆ "280 ರೂಪಾಯಿ", "280/-" ಅಲ್ಲ. ಎಮೋಜಿ ಒಂದು, ಹಬ್ಬಕ್ಕೆ ಎರಡು. ಉದ್ಗಾರ ಚಿಹ್ನೆ ಬೇಡವೇ ಬೇಡ.

ದೂರು ಬಂದಾಗ

ಕೊರಿಯರ್‌ನವರನ್ನು ಬೈಯಬೇಡಿ, ವಾದಿಸಬೇಡಿ. ಈ ಉತ್ತರ ಸಾಕು:

> ಒಡೆದ ಬಾಟಲಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಕಳುಹಿಸಿ. ಬೇರೆ ಬಾಟಲಿ ನಾಳೆಯೇ ಹೊರಡುತ್ತದೆ, ಹಣ ಕೊಡಬೇಕಿಲ್ಲ.

ಹೀಗೆ ಬರೆದ ಮೇಲೆ ಬಾಟಲಿ ಮರುದಿನ ಹೊರಡಲೇಬೇಕು. ಅದು ಬೆಂಗಳೂರಿನವರ ಜವಾಬ್ದಾರಿ.

ಹಾಕುವ ಮುನ್ನ

ಹಿಂದಿನ ರಾತ್ರಿ ಎಂಟರೊಳಗೆ ಕರಡನ್ನು ನಮ್ಮ ಗುಂಪಿಗೆ ಹಾಕಿ. ಬರೆದವರನ್ನು ಬಿಟ್ಟು ಬೇರೊಬ್ಬರು ಓದಿ ಒಪ್ಪಬೇಕು. ಪಾಕದ ವಿಷಯವಿದ್ದರೆ ಅಡುಗೆಮನೆಯವರೇ ಓದಬೇಕು. ಭಿನ್ನಾಭಿಪ್ರಾಯ ಬಂದರೆ ಗಲ್ಲಾದವರ ಮಾತೇ ಕೊನೆ. ಮರುದಿನ ಗ್ರಾಹಕರಿಗೆ ಎದುರಾಎದುರು ಉತ್ತರ ಕೊಡಬೇಕಾದವರು ಅವರೇ.