ವಾರದ ವರದಿ, ಜೂನ್ 9ರಿಂದ 13: ಆರ್ಡರ್ ಪಟ್ಟಿ ಇನ್ನೂ ಲೈವ್ ಆಗಿಲ್ಲ, ನಿಮ್ಮಿಂದ ಎರಡು ಉತ್ತರ ಬೇಕು

ನಮಸ್ಕಾರ ಮೇಡಂ,

ಮುಖ್ಯ ವಿಷಯ ಮೊದಲು ಹೇಳಿಬಿಡುತ್ತೇನೆ. ಆರ್ಡರ್ ಪಟ್ಟಿಯ ಹೊಸ ಪುಟ ಬುಧವಾರ ಲೈವ್ ಆಗುತ್ತದೆ ಅಂತ ಕಳೆದ ವಾರ ಬರೆದಿದ್ದೆ. ಆಗಲಿಲ್ಲ. ಕೋಡ್ ಮುಗಿದಿದೆ, ಟೆಸ್ಟ್ ಸರ್ವರ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ಆದರೆ ಲೈವ್ ಡೇಟಾಬೇಸ್‌ನಲ್ಲಿ ಇಂಡೆಕ್ಸ್ ಕಟ್ಟಲು ಆಗಿಲ್ಲ. ಅದು ಬಿಡಿಸಿಕೊಳ್ಳಬೇಕಾದರೆ ನೀವು ಒಂದು ಮಾತು ಆಡಬೇಕು. ನನ್ನ ಎರಡು ಪ್ರಶ್ನೆಗಳನ್ನು ಕೆಳಗೆ "ಪ್ರಶ್ನೆ 1", "ಪ್ರಶ್ನೆ 2" ಅಂತ ಹಾಕಿದ್ದೇನೆ. ಸೋಮವಾರ ನಿಮ್ಮ ಕೆಲಸದ ದಿನ ಮುಗಿಯುವುದರೊಳಗೆ ಒಂದೊಂದು ಸಾಲಿನ ಉತ್ತರ ಸಿಕ್ಕರೆ ಸಾಕು.

ಮುಗಿದದ್ದು

ಆರ್ಡರ್ ಪಟ್ಟಿ ಯಾಕೆ ನಿಧಾನ ಅಂತ ಹೋದ ಸಲದ ಕಾಲ್‌ನಲ್ಲಿ ಕೇಳಿದ್ದಿರಿ. ಕಾರಣ ಸರಳ. ಹಳೆಯ ಕೋಡ್ `OFFSET` ಬಳಸುತ್ತಿತ್ತು. ಪುಟಕ್ಕೆ 50 ಆರ್ಡರ್. ಯಾರಾದರೂ 400ನೇ ಪುಟ ತೆರೆದರೆ ಡೇಟಾಬೇಸ್ ಮೊದಲ 19,950 ಸಾಲುಗಳನ್ನು ಓದಿ, ಪಕ್ಕಕ್ಕೆ ಎಸೆದು, ಆಮೇಲೆ ಬೇಕಾದ 50 ಕೊಡುತ್ತಿತ್ತು. ಅದೂ ಸರಿಯಾದ ಇಂಡೆಕ್ಸ್ ಇಲ್ಲದೆ, ಇಡೀ ಟೇಬಲ್ ಜಾಲಾಡಿ. ಈಗ ಹಿಂದಿನ ಪುಟದ ಕೊನೆಯ ಆರ್ಡರ್ ಯಾವುದು ಅಂತ ನೆನಪಿಟ್ಟುಕೊಂಡು ಅಲ್ಲಿಂದ ಮುಂದಕ್ಕೆ ಓದುತ್ತೇವೆ:

```sql
SELECT id, customer_id, total, created_at
FROM orders
WHERE (created_at, id) < ($1, $2)
ORDER BY created_at DESC, id DESC
LIMIT 50;
```

ಸಮಯದ ಜೊತೆ `id` ಯಾಕೆ ಅಂದರೆ, ಎರಡು ಆರ್ಡರ್ ಒಂದೇ ಕ್ಷಣದಲ್ಲಿ ಬಂದಿರಬಹುದು. ಬರೀ ಸಮಯ ನೋಡಿದರೆ ಪುಟ ಬದಲಾಗುವಾಗ ಅವುಗಳಲ್ಲಿ ಒಂದು ಕಣ್ಮರೆಯಾಗುತ್ತದೆ. ಮೊದಲ ಆವೃತ್ತಿಯಲ್ಲಿ ನಾನೇ ಆ ತಪ್ಪು ಮಾಡಿದ್ದೆ. ರಿವ್ಯೂನಲ್ಲಿ ಸಿಕ್ಕಿಬಿತ್ತು, ಒಳ್ಳೆಯದಾಯಿತು.

ಟೆಸ್ಟ್ ಸರ್ವರ್‌ನಲ್ಲಿ 400ನೇ ಪುಟಕ್ಕೆ 4.2 ಸೆಕೆಂಡ್ ಬೇಕಾಗುತ್ತಿತ್ತು. ಈಗ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಆದರೆ ಈ ಅಂಕಿಯನ್ನು ಈಗಲೇ ಯಾರಿಗೂ ಹೇಳಬೇಡಿ. ಟೆಸ್ಟ್‌ನಲ್ಲಿರುವುದು 20 ಲಕ್ಷ ಸಾಲು, ಲೈವ್‌ನಲ್ಲಿ 60 ಲಕ್ಷ. ಲೈವ್‌ನಲ್ಲಿ ಅಳೆದ ಮೇಲೆ ನಾನೇ ತಿಳಿಸುತ್ತೇನೆ.

ಇದರಿಂದ ಒಂದು ನಷ್ಟವೂ ಇದೆ. ನೇರವಾಗಿ "37ನೇ ಪುಟ" ಅಂತ ಹಾರಲು ಇನ್ನು ಆಗುವುದಿಲ್ಲ, ಹಿಂದೆ ಮುಂದೆ ಮಾತ್ರ ಹೋಗಬಹುದು. ಸಪೋರ್ಟ್ ತಂಡದವರಿಗೆ ಮೊದಲೇ ಹೇಳಿದೆ. ಅವರು ಪುಟದ ಸಂಖ್ಯೆ ಒತ್ತುತ್ತಿದ್ದದ್ದೇ ಹಳೆಯ ತಾರೀಖು ಹುಡುಕಲಂತೆ! ತಾರೀಖಿನ ಫಿಲ್ಟರ್ ಹಾಕಿಕೊಟ್ಟೆ, ಅವರಿಗೆ ಅದೇ ಜಾಸ್ತಿ ಇಷ್ಟವಾಗಿದೆ.

ಎರಡನೆಯದು, ಸಿಎಸ್‌ವಿ ರಿಪೋರ್ಟ್‌ನಲ್ಲಿ ತಾರೀಖು ಹಿಂದೆ ಮುಂದೆ ಆಗುತ್ತಿದ್ದ ಸಮಸ್ಯೆ. ಸಮಯವನ್ನು ಯುಟಿಸಿಯಲ್ಲಿ ಉಳಿಸುತ್ತೇವೆ, ಅದು ಸರಿ. ದಿನವನ್ನೂ ಯುಟಿಸಿ ಲೆಕ್ಕದಲ್ಲೇ ಕತ್ತರಿಸುತ್ತಿದ್ದೆವು, ಅದು ತಪ್ಪು. ಹಾಗಾಗಿ ಮಧ್ಯರಾತ್ರಿ ಕಳೆದು ಬೆಳಗಿನ ಜಾವದವರೆಗೆ ಬಂದ ಆರ್ಡರ್‌ಗಳು ಹಿಂದಿನ ದಿನಕ್ಕೆ ಸೇರಿಬಿಡುತ್ತಿದ್ದವು. ಗುರುವಾರ ಸರಿಪಡಿಸಿ ಲೈವ್ ಮಾಡಿದೆ. ಶುಕ್ರವಾರದ ಫೈಲ್ ಅಕೌಂಟ್ಸ್‌ನವರ ಲೆಕ್ಕಕ್ಕೆ ತಾಳೆಯಾಗಿದೆ. ಹಳೆಯ ಫೈಲ್‌ಗಳನ್ನು ಮುಟ್ಟಿಲ್ಲ.

ಇದಲ್ಲದೆ ಐದು ಕೋಡ್ ರಿವ್ಯೂ, ಒಂದೆರಡು ಚಿಲ್ಲರೆ ಕೆಲಸ.

ಎಲ್ಲಿ ಸಿಕ್ಕಿಕೊಂಡಿದ್ದೇನೆ

ಇಂಡೆಕ್ಸ್ ಕಥೆ ಸ್ವಲ್ಪ ಉದ್ದ, ಆದರೆ ನೀವು ಬೇರೆ ತಂಡದ ಜೊತೆ ಮಾತಾಡಬೇಕಾದ್ದರಿಂದ ಪೂರ್ತಿ ಹೇಳುತ್ತೇನೆ.

ಸುಮ್ನೆ `CREATE INDEX` ಅಂದರೆ ಅದು ಮುಗಿಯುವವರೆಗೆ ಹೊಸ ಆರ್ಡರ್ ಬರೆಯಲು ಆಗುವುದಿಲ್ಲ. ಅದಕ್ಕೇ `CREATE INDEX CONCURRENTLY` ಬಳಸಬೇಕು. ಬುಧವಾರ ರಾತ್ರಿ ಮೊದಲು ಅದನ್ನು ಎಂದಿನಂತೆ ಮೈಗ್ರೇಷನ್ ಫೈಲ್‌ನಲ್ಲಿ ಹಾಕಿದೆ. ಮೈಗ್ರೇಷನ್ ಓಡುವುದು ಟ್ರಾನ್ಸಾಕ್ಷನ್ ಒಳಗೆ, ಅದರೊಳಗೆ ಈ ಕಮಾಂಡ್ ನಡೆಯುವುದಿಲ್ಲ. ಅರ್ಧ ಗಂಟೆ ಹೋಯಿತು, ಅದು ನನ್ನದೇ ತಪ್ಪು. ಆಮೇಲೆ ಕೈಯಿಂದಲೇ ಓಡಿಸಿದೆ. 40 ನಿಮಿಷ ಕಳೆದರೂ ಮುಗಿಯಲಿಲ್ಲ.

`pg_stat_activity` ನೋಡಿದರೆ ಅನಲಿಟಿಕ್ಸ್ ತಂಡದ ರಾತ್ರಿ ಜಾಬ್‌ನ ಒಂದು ಕನೆಕ್ಷನ್ ಮೂರು ಗಂಟೆಗಳಿಂದ `idle in transaction` ಸ್ಥಿತಿಯಲ್ಲಿ ಕೂತಿತ್ತು. ಏನೂ ಮಾಡುತ್ತಿಲ್ಲ, ಆದರೆ ಟ್ರಾನ್ಸಾಕ್ಷನ್ ಮುಚ್ಚಿಯೂ ಇಲ್ಲ. ಇಂಡೆಕ್ಸ್ ಕಟ್ಟುವ ಕೆಲಸ ಅಂಥ ಹಳೆಯ ಟ್ರಾನ್ಸಾಕ್ಷನ್‌ಗಳು ಮುಗಿಯಲಿ ಅಂತ ಕಾಯುತ್ತದೆ. ಅವರು ಮುಗಿಸಲಿಲ್ಲ, ಇದು ಕಾಯುತ್ತಲೇ ಇತ್ತು. ಬೇರೆಯವರ ಜಾಬನ್ನು ನಡುರಾತ್ರಿ ಕೇಳದೆ ಕೊಲ್ಲುವುದು ಸರಿಯಲ್ಲ ಅನ್ನಿಸಿತು, ನನಗೆ ಆ ಅನುಮತಿಯೂ ಇಲ್ಲ. ನನ್ನದನ್ನೇ ನಿಲ್ಲಿಸಿದೆ. ಅರ್ಧ ಕಟ್ಟಿದ ಇಂಡೆಕ್ಸ್ `INVALID` ಆಗಿ ಉಳಿದಿತ್ತು. ಅದು ಓದಲು ಉಪಯೋಗಕ್ಕೆ ಬರುವುದಿಲ್ಲ, ಬರೆಯುವಾಗ ಮಾತ್ರ ಹೊರೆ. ಗುರುವಾರ ಬೆಳಿಗ್ಗೆ ಅವರ ಜಾಬ್ ಮುಗಿದ ಮೇಲೆ ತೆಗೆದುಹಾಕಿದೆ. ಗ್ರಾಹಕರಿಗೆ ಏನೂ ತೊಂದರೆಯಾಗಿಲ್ಲ.

ಅನಲಿಟಿಕ್ಸ್‌ನವರಿಗೆ ಅವತ್ತೇ ಬರೆದೆ. "ಮುಂದಿನ ಸ್ಪ್ರಿಂಟ್‌ನಲ್ಲಿ ನೋಡುತ್ತೇವೆ" ಅಂದರು. ಅವರಿಗೆ ಇದು ತುರ್ತಲ್ಲ, ಅರ್ಥವಾಗುತ್ತದೆ. ಆದರೆ ನಮಗೆ ಎರಡು ವಾರ ಹೋಗುತ್ತದೆ, ಅಲ್ವಾ?

ಪ್ರಶ್ನೆ 1: ಮಂಗಳವಾರ ಒಂದು ರಾತ್ರಿ ಮಟ್ಟಿಗೆ ಆ ಜಾಬ್ ನಿಲ್ಲಿಸಿ ಅಂತ ಅವರ ಲೀಡ್‌ಗೆ ನೀವು ಹೇಳಬಹುದಾ? ಶಾಶ್ವತ ಪರಿಹಾರ ಅಂದರೆ ಅವರ ಡೇಟಾಬೇಸ್ ಯೂಸರ್‌ಗೆ `idle_in_transaction_session_timeout` ಹಾಕುವುದು. ಅದು ಆಗಲೇಬೇಕು, ಆದರೆ ಅದಕ್ಕಾಗಿ ಈಗ ಕಾಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು, ರಿಫಂಡ್ ಕೆಲಸ. ಪೇಮೆಂಟ್ ಗೇಟ್‌ವೇಯ ಟೆಸ್ಟ್ ಕೀ ಸೋಮವಾರ ಕೇಳಿದ್ದು ಇನ್ನೂ ಬಂದಿಲ್ಲ, ಎರಡು ಸಲ ನೆನಪಿಸಿದ್ದೇನೆ. ಸದ್ಯ ನಕಲಿ ಉತ್ತರಗಳನ್ನು ಇಟ್ಟುಕೊಂಡು ಕೋಡ್ ಬರೆಯುತ್ತಿದ್ದೇನೆ. ಬೋರ್ಡ್‌ನಲ್ಲಿ 70% ಅಂತ ಕಂಡರೂ ನಂಬಬೇಡಿ. ನಿಜವಾದ ಗೇಟ್‌ವೇ ಜೊತೆ ಒಂದು ಸಲವೂ ಮಾತಾಡದ ರಿಫಂಡ್ ಕೋಡನ್ನು ನಾನು ಅರ್ಧ ಅಂತಲೇ ಎಣಿಸುತ್ತೇನೆ.

ಮುಂದಿನ ವಾರ

ಇಂಡೆಕ್ಸ್ ಮೊದಲು, ಉಳಿದದ್ದೆಲ್ಲ ಆಮೇಲೆ. ಮಂಗಳವಾರ ರಾತ್ರಿ ಅದು ಆದರೆ ಬುಧವಾರ ಬೆಳಿಗ್ಗೆ ಹೊಸ ಪುಟವನ್ನು ಸಪೋರ್ಟ್ ತಂಡಕ್ಕೆ ಮಾತ್ರ ತೆರೆಯುತ್ತೇನೆ, ಒಂದು ದಿನ ನೋಡಿ ಗುರುವಾರ ಎಲ್ಲರಿಗೂ. ಮಂಗಳವಾರ ತಪ್ಪಿದರೆ ಇದು ಅದರ ಮುಂದಿನ ವಾರಕ್ಕೇ ಹೋಗುತ್ತದೆ, ವಾರದ ಕೊನೆಯಲ್ಲಿ ಲೈವ್ ಡೇಟಾಬೇಸ್ ಮುಟ್ಟುವುದು ನನಗೆ ಇಷ್ಟವಿಲ್ಲ. ಕೀ ಬಂದ ದಿನದಿಂದ ರಿಫಂಡ್‌ಗೆ ಮೂರು ದಿನ ಬೇಕು. ಡ್ಯಾಶ್‌ಬೋರ್ಡ್ ಬಣ್ಣ ಬದಲಿಸುವ ಕೆಲಸವನ್ನು ಕೆಳಗೆ ತಳ್ಳಿದ್ದೇನೆ. ಬೇಡ ಅಂದರೆ ಹೇಳಿ.

ಪ್ರಶ್ನೆ 2: ತಪ್ಪು ತಾರೀಖಿನ ಹಳೆಯ ಸಿಎಸ್‌ವಿ ಫೈಲ್‌ಗಳನ್ನು ಮತ್ತೆ ತಯಾರಿಸಬೇಕಾ? ಅಕೌಂಟ್ಸ್‌ನವರು ಮೇ ತಿಂಗಳದ್ದು ಮಾತ್ರ ಸಾಕು ಅನ್ನುತ್ತಾರೆ. ಅಷ್ಟಾದರೆ ಅರ್ಧ ದಿನದ ಕೆಲಸ. ವರ್ಷಪೂರ್ತಿ ಅಂದರೆ ಎರಡು ದಿನ, ಆಗ ರಿಫಂಡ್ ಹಿಂದೆ ಬೀಳುತ್ತದೆ.

ಶುಕ್ರವಾರ ಮಧ್ಯಾಹ್ನದಿಂದ ನಾನು ರಜೆ. ಏನಾದರೂ ಕೆಟ್ಟರೆ ಹೊಸ ಪುಟವನ್ನು ಆಫ್ ಮಾಡಿ ಹಳೆಯದಕ್ಕೆ ಮರಳುವುದು ಹೇಗೆ ಅಂತ ತಂಡದ ಡಾಕ್ಯುಮೆಂಟ್‌ನಲ್ಲಿ ಬರೆದಿಟ್ಟಿದ್ದೇನೆ. ನನ್ನ ರಿವ್ಯೂ ಮಾಡಿದ ಸಹೋದ್ಯೋಗಿ ಅದನ್ನು ಒಂದು ಸಲ ಟೆಸ್ಟ್ ಸರ್ವರ್‌ನಲ್ಲಿ ಮಾಡಿ ನೋಡಿದ್ದಾರೆ.

ವಂದನೆಗಳು,
ಆರ್ಡರ್ ತಂಡ, ಬ್ಯಾಕೆಂಡ್