ಸಿಎ ಫೈನಲ್ ಪರೀಕ್ಷೆಗೆ ಮೂರು ದಿನ ರಜೆ ಕೋರಿ ಪತ್ರ

ಪುಣೆ
29 ಡಿಸೆಂಬರ್ 2025, ಸೋಮವಾರ

ಇವರಿಗೆ:
ಶ್ರೀ ಪ್ರಹ್ಲಾದ ಕುಲಕರ್ಣಿ
ಮ್ಯಾನೇಜರ್, ಅಕೌಂಟ್ಸ್ ವಿಭಾಗ
ಭೋಸರಿ ಕಚೇರಿ, ಪುಣೆ

ಇವರಿಂದ:
ವೀಣಾ ಹಿರೇಮಠ
ಅಕೌಂಟ್ಸ್ ಎಕ್ಸಿಕ್ಯೂಟಿವ್

ವಿಷಯ: ಜನವರಿ 5, 7 ಮತ್ತು 9ರಂದು ಸಿಎ ಫೈನಲ್ ಮೊದಲ ಗ್ರೂಪ್ ಪರೀಕ್ಷೆಗೆ ರಜೆ

ಮಾನ್ಯ ಕುಲಕರ್ಣಿ ಸರ್,

ನಮಸ್ಕಾರ. ದೀಪಾವಳಿ ಆದಮೇಲೆ ಪರೀಕ್ಷೆಯ ವಿಷಯ ನಿಮಗೆ ಹೇಳಿದ್ದೆ. "ಅಡ್ಮಿಟ್ ಕಾರ್ಡ್ ಬಂದಮೇಲೆ ಬರೆದು ಕೊಡಿ, ನೋಡೋಣ" ಅಂದಿದ್ದಿರಿ. ಕಾರ್ಡ್ ಡೌನ್‌ಲೋಡ್ ಮಾಡಿಕೊಂಡಿದ್ದೇನೆ, ಅದರ ಪ್ರತಿ ಈ ಪತ್ರದ ಜೊತೆಗಿದೆ. ಎಚ್‌ಆರ್ ಪೋರ್ಟಲ್‌ನಲ್ಲೂ ರಜೆ ಅರ್ಜಿ ಹಾಕಿದ್ದೇನೆ. ಆದರೆ ಅಲ್ಲಿ ಕಾರಣ ಬರೆಯಲು ಒಂದು ಸಾಲಷ್ಟೇ ಜಾಗ. ನಿಮಗೆ ಪೂರ್ತಿ ವಿಷಯ ತಿಳಿಯಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಪೇಪರ್‌ಗಳು ಮೂರು. ಜನವರಿ 5, ಸೋಮವಾರ ಫೈನಾನ್ಶಿಯಲ್ ರಿಪೋರ್ಟಿಂಗ್. 7, ಬುಧವಾರ ಅಡ್ವಾನ್ಸ್ಡ್ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್. 9, ಶುಕ್ರವಾರ ಆಡಿಟಿಂಗ್. ಮೂರೂ ಮಧ್ಯಾಹ್ನ 2ರಿಂದ 5ರವರೆಗೆ. ಪರೀಕ್ಷಾ ಕೇಂದ್ರ ಸದಾಶಿವ ಪೇಠೆಯಲ್ಲಿದೆ, ವಿಳಾಸ ಕಾರ್ಡ್‌ನಲ್ಲಿ ಇದೆ. ಈ ಮೂರು ದಿನ ಪೂರ್ತಿ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನಡುವಿನ ಮಂಗಳವಾರ ಮತ್ತು ಗುರುವಾರ ಕೆಲಸಕ್ಕೆ ಬರುತ್ತೇನೆ.

ಪೇಪರ್ ಮಧ್ಯಾಹ್ನ ಇದೆಯಲ್ವಾ, ಬೆಳಗ್ಗೆ ಬಂದು ಹೋಗಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಮೇ ತಿಂಗಳಲ್ಲಿ ನಾನು ಮಾಡಿದ್ದು ಅದನ್ನೇ. ಮೇ 2 ಮತ್ತು 6ರಂದು ಅರ್ಧ ದಿನದ ರಜೆ ಸಾಕು ಅಂತ ನಾನೇ ಬರೆದುಕೊಟ್ಟಿದ್ದೆ. 6ರಂದು ಟಿಡಿಎಸ್ ಪಟ್ಟಿ ಮುಗಿಸಿ ಏಳುವಷ್ಟರಲ್ಲಿ 12:20 ಆಗಿತ್ತು. ಮೆಟ್ರೋದಲ್ಲಿ ಕೂತಮೇಲೂ ಒಂದು ಬಿಲ್ಲಿನ ವಿಷಯಕ್ಕೆ ಎರಡು ಫೋನ್ ಬಂದವು. ಮಂಡೈ ನಿಲ್ದಾಣದಲ್ಲಿ ಇಳಿದು ಓಡಿದೆ. ನನ್ನ ಜಾಗದಲ್ಲಿ ಕೂತಾಗ 2 ಗಂಟೆಗೆ ಎರಡೇ ನಿಮಿಷ ಬಾಕಿ. ಪ್ರಶ್ನೆಪತ್ರಿಕೆ ಓದಿಕೊಳ್ಳಲು 1:45ರಿಂದ ಹದಿನೈದು ನಿಮಿಷ ಕೊಡುತ್ತಾರೆ. ಅದು ಹೋಯಿತು. ಮೊದಲ ಉತ್ತರ ಬರೆಯುವಾಗ ಕೈ ಬೆವರಿ ಪೆನ್ನು ಜಾರುತ್ತಿತ್ತು.

ಆ ಸಲದ ಅಂಕಗಳನ್ನು ನಿಮಗೆ ಹೇಳಲೇಬೇಕು. ಒಂದೊಂದು ಪೇಪರ್‌ನಲ್ಲೂ ಕನಿಷ್ಠ 40 ಬೇಕು, ಮೂರೂ ಸೇರಿ 300ಕ್ಕೆ 150 ಬೇಕು. ಆಫೀಸಿನಿಂದ ಓಡಿಹೋಗಿ ಬರೆದ ಎರಡರಲ್ಲಿ 44 ಮತ್ತು 43 ಬಂತು. ನಡುವಿನ ಪೇಪರ್ ಮೇ 4, ಭಾನುವಾರ ಇತ್ತು. ಅವತ್ತು ಬೆಳಗ್ಗೆ ಮನೆಯಲ್ಲೇ ಕೂತು ಸೂತ್ರಗಳನ್ನು ಒಮ್ಮೆ ತಿರುವಿ, ಊಟ ಮಾಡಿ, ನಿಧಾನವಾಗಿ ಹೋಗಿದ್ದೆ. ಅದರಲ್ಲಿ 56. ಒಟ್ಟು 143. ಮೂರರಲ್ಲೂ 40 ದಾಟಿ, ಏಳು ಅಂಕಕ್ಕೆ ಪೂರ್ತಿ ಗ್ರೂಪ್ ಹೋಯಿತು. ಇದಕ್ಕೆ ಯಾರನ್ನೂ ದೂರುತ್ತಿಲ್ಲ ಸರ್, ಅರ್ಧ ದಿನ ಕೇಳಿದವಳು ನಾನೇ. ಆದರೆ ಈ ಸಲ ಅದೇ ತಪ್ಪು ಮಾಡಲು ನನಗೆ ಮನಸ್ಸಿಲ್ಲ. ಎರಡನೇ ಗ್ರೂಪ್ 2024ರ ನವೆಂಬರ್‌ನಲ್ಲೇ ಪಾಸಾಗಿದೆ. ಉಳಿದಿರುವುದು ಇದೊಂದೇ. ಎಂಟು ತಿಂಗಳಿಂದ ದಿನಾ ಬೆಳಗ್ಗೆ ನಾಲ್ಕೂವರೆಗೆ ಎದ್ದು ಓದಿದ್ದೇನೆ.

ಇನ್ನು ಕೆಲಸದ ವಿಷಯ. ಡಿಸೆಂಬರ್ ಕ್ಲೋಸಿಂಗ್ ಬೇರೆ, ತ್ರೈಮಾಸಿಕವೂ ಮುಗಿಯುತ್ತದೆ. ನಿಮಗೆ ಈಗ ಕೈ ಜಾಸ್ತಿ ಬೇಕು ಎಂಬುದು ಗೊತ್ತಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಡಿಸೆಂಬರ್ ಟಿಡಿಎಸ್. ಕಟ್ಟಲು ಕೊನೆಯ ದಿನ ಜನವರಿ 7, ಸರಿಯಾಗಿ ನನ್ನ ಎರಡನೇ ಪೇಪರ್ ದಿನ. ತಪ್ಪಿದರೆ ತಿಂಗಳಿಗೆ ಶೇ. 1.5ರಂತೆ ಬಡ್ಡಿ, ಅದೂ ಟಿಡಿಎಸ್ ಕಡಿತ ಮಾಡಿದ ದಿನದಿಂದ ಲೆಕ್ಕ. ಹಾಗಾಗಿ ಇದನ್ನು 7ರವರೆಗೆ ಎಳೆಯುವುದೇ ಬೇಡ. ಸಂಬಳ, ಕಂಟ್ರಾಕ್ಟರ್, ಬಾಡಿಗೆ, ವೃತ್ತಿಪರ ಶುಲ್ಕ ಈ ನಾಲ್ಕೂ ಪಟ್ಟಿಗಳನ್ನು 3ನೇ ತಾರೀಕು ಶನಿವಾರ ಸಂಜೆಯೊಳಗೆ ತಾಳೆ ನೋಡಿ ನಿಮ್ಮ ಮೇಜಿನ ಮೇಲೆ ಇಡುತ್ತೇನೆ. 6ರಂದು ಮಧ್ಯಾಹ್ನ 12ರೊಳಗೆ ಚಲನ್‌ಗಳನ್ನು ಮಾಡಿ ಬ್ಯಾಂಕ್ ಪೋರ್ಟಲ್‌ಗೆ ಹಾಕುತ್ತೇನೆ. ಅವತ್ತು ಸಂಜೆಯೊಳಗೆ ನೀವು ಅಪ್ರೂವ್ ಮಾಡಿದರೆ ಒಂದು ದಿನ ಮೊದಲೇ ಹಣ ಹೋಗಿರುತ್ತದೆ. ಆ ಮಂಗಳವಾರ ಸುಮ್ನೆ ಒಂದು ಹತ್ತು ನಿಮಿಷ ನನಗಾಗಿ ಇಟ್ಟುಕೊಳ್ಳಿ, ಅಷ್ಟು ಸಾಕು.

ಜಿಎಸ್‌ಟಿಆರ್-1ಕ್ಕೆ 11ರವರೆಗೆ ಸಮಯವಿದೆ, ಆದರೆ ಅದು ಭಾನುವಾರ. ಮಾರಾಟದ ಬಿಲ್‌ಗಳನ್ನು 8ರಂದು ನೋಡಿ ಮುಗಿಸಿ, 10ರ ಶನಿವಾರ ಫೈಲ್ ಮಾಡುತ್ತೇನೆ. ನಾನಿಲ್ಲದ ದಿನ ಬರುವ ವೆಂಡರ್ ಪೇಮೆಂಟ್‌ಗಳನ್ನು ಸ್ನೇಹಲ್ ನೋಡಿಕೊಳ್ಳಲು ಒಪ್ಪಿದ್ದಾಳೆ. ಯಾವ ಬಿಲ್ ತಡೆದಿದ್ದೇವೆ, ಯಾಕೆ ಎಂದು ಒಂದು ಪಟ್ಟಿ ಮಾಡಿ ಈ ಶುಕ್ರವಾರ, ಅಂದರೆ 2ರಂದು, ಅವಳ ಜೊತೆ ಕೂತು ವಿವರಿಸುತ್ತೇನೆ. ಅವಳಿಗೆ ತಿಳಿಯದ್ದು ಬಂದರೆ ಮರುದಿನ ನಾನೇ ಬಂದಿರುತ್ತೇನೆ.

ಪರೀಕ್ಷೆ ದಿನಗಳಲ್ಲಿ ಬೆಳಗ್ಗೆ 9ರಿಂದ 10ರವರೆಗೆ ಫೋನ್ ಮಾಡಬಹುದು. ಆಮೇಲೆ ಫೋನ್ ಆಫ್ ಮಾಡಿ ಮನೆಯಲ್ಲೇ ಬಿಟ್ಟು ಹೋಗುತ್ತೇನೆ, ಹಾಲ್ ಒಳಗೆ ಅದನ್ನು ಒಯ್ಯುವ ಹಾಗಿಲ್ಲ. ತುರ್ತಿದ್ದರೆ ಸಂಜೆ 7ರ ಮೇಲೆ ಖಂಡಿತ ಮಾತಾಡುತ್ತೇನೆ.

ಇನ್ನೊಂದು ಚಿಕ್ಕ ವಿಷಯ. ನನ್ನ ಮೇಜಿನ ಮೇಲಿರುವ 12 ಅಂಕಿಯ ಕ್ಯಾಲ್ಕುಲೇಟರ್ ನನ್ನದೇ, ಆರ್ಟಿಕಲ್‌ಶಿಪ್ ಕಾಲದ್ದು. ಅದರ 7ನೇ ಅಂಕಿ ಉಜ್ಜಿ ಅಳಿಸಿಹೋಗಿದೆ, ಆದರೂ ಬೆರಳಿಗೆ ಅದೇ ರೂಢಿ. ಶನಿವಾರ ಸಂಜೆ ಅದನ್ನು ಮನೆಗೆ ಒಯ್ಯುತ್ತೇನೆ. 10ರಂದು ವಾಪಸ್ ತರುತ್ತೇನೆ, ಅಲ್ಲಿಯವರೆಗೆ ಹುಡುಕಬೇಡಿ ಎಂದು ಸ್ನೇಹಲ್‌ಗೂ ಹೇಳಿದ್ದೇನೆ.

ನನ್ನ ಲೆಕ್ಕದಲ್ಲಿ ಈ ವರ್ಷದ 7 ಪಿ.ಎಲ್. ಉಳಿದಿವೆ. ಈ ಮೂರು ದಿನಗಳನ್ನು ಅದರಲ್ಲೇ ಹಿಡಿಯಬೇಕು. ದಯವಿಟ್ಟು ಬುಧವಾರದೊಳಗೆ ಪೋರ್ಟಲ್‌ನಲ್ಲಿ ಮಂಜೂರು ಮಾಡಿದರೆ ತುಂಬಾ ಉಪಕಾರ. ಮನಸ್ಸು ನಿರಾಳವಾಗಿ ಉಳಿದ ನಾಲ್ಕು ದಿನ ಓದಿಕೊಳ್ಳುತ್ತೇನೆ. ಯೋಜನೆಯಲ್ಲಿ ಏನಾದರೂ ಬದಲಿಸಬೇಕು ಅನ್ನಿಸಿದರೆ ಇವತ್ತೇ ಹೇಳಿ ಸರ್, ನಿಮ್ಮ ಕ್ಯಾಬಿನ್‌ಗೆ ಬಂದು ಮಾತಾಡುತ್ತೇನೆ.

ವಂದನೆಗಳೊಂದಿಗೆ,
ನಿಮ್ಮ ವಿಶ್ವಾಸಿ,
ವೀಣಾ ಹಿರೇಮಠ

ಲಗತ್ತು: ಸಿಎ ಫೈನಲ್, ಜನವರಿ 2026, ಮೊದಲ ಗ್ರೂಪ್‌ನ ಅಡ್ಮಿಟ್ ಕಾರ್ಡ್ ಪ್ರತಿ