ಎಡಗೈ ಸೋಮ

ಬಳೇಪೇಟೆಯ ಒಂದು ಗಲ್ಲಿಯಲ್ಲಿ ಚೇತನನ ಮಾವನದು ಫ್ರೇಮ್ ಅಂಗಡಿ. ದೇವರ ಪಟ, ಮದುವೆ ಫೋಟೋ, ಕನ್ನಡಿ, ಎಲ್ಲಕ್ಕೂ ಚೌಕಟ್ಟು ಹಾಕಿಕೊಡುತ್ತಾರೆ. ಎಂಟನೇ ಕ್ಲಾಸ್ ಪರೀಕ್ಷೆ ಮುಗಿಸಿದ ಚೇತನ್ ಬೇಸಿಗೆ ರಜೆಗೆ ಅಲ್ಲೇ ಕೂತಿದ್ದ. ಅವನ ಅಕ್ಷರ ದುಂಡಗೆ. ಹಾಗಾಗಿ ಫೋಟೋ ಕೆಳಗೆ ಹೆಸರು ಬರೆಯೋ ಕೆಲಸ ಅವನಿಗೇ ಬಂತು.

ಆ ವಾರ ಚಾಮರಾಜಪೇಟೆಯ ಅಜ್ಜಿಯೊಬ್ಬರು ತೀರಿಹೋದ ಯಜಮಾನರು ತೆಗೆದ ಹಬ್ಬದ ಫೋಟೋಗಳನ್ನು ತಂದಿದ್ದರು. ಎಲ್ಲವೂ ಕಪ್ಪುಬಿಳುಪು. ಬಡಾವಣೆಯ ಲೈಬ್ರರಿಗೆ ಕೊಡಬೇಕಂತೆ. ಹೂವಿನವಳು, ಪೂಜಾರಿ, ತಮಟೆಯವರು, ಪ್ರತಿಯೊಂದರ ಹಿಂದೆಯೂ ಯಜಮಾನರು ಪೆನ್ಸಿಲ್‌ನಲ್ಲಿ ಹೆಸರು ಬರೆದಿಟ್ಟಿದ್ದರು. ಒಂದರ ಹಿಂದೆ ಮಾತ್ರ 'ಅಮ್ಮನ ಹಬ್ಬ, 1991' ಅಂತಷ್ಟೇ ಇತ್ತು. ಅದರಲ್ಲಿ ದೊಡ್ಡ ಮುಖವಾಡ ಹೊತ್ತವನೊಬ್ಬ ಕುಣಿಯುತ್ತಿದ್ದ. ಅಗಲ ಕಣ್ಣು, ದಪ್ಪ ಮೀಸೆ, ತಲೆ ಮೇಲೆ ನವಿಲುಗರಿ, ಎಡಗೈಯಲ್ಲಿ ಬೆತ್ತ.

"ಇವನ ಹೆಸರೇನಜ್ಜಿ?"

"ವೀರಭದ್ರ ಇರಬೇಕು ಬಿಡು."

"ದೇವರ ಹೆಸರಲ್ಲ ಅಜ್ಜಿ, ಒಳಗಿರೋ ಮನುಷ್ಯಂದು."

ಮಾವ ಇಣುಕಿ ನೋಡಿ, ಗಾರುಡಿ ಗೊಂಬೆ ಅಂದರು. ದಸರಾ ಮೆರವಣಿಗೆ ನೋಡಿದ್ದ ಚೇತನ್ ಒಪ್ಪಲಿಲ್ಲ. ಗಾರುಡಿ ಗೊಂಬೆ ಆಳಿಗಿಂತ ಎತ್ತರ, ಒಳಗಿದ್ದವನು ಗೊಂಬೆಯ ಹೊಟ್ಟೆ ಹತ್ತಿರದ ಕಿಂಡಿಯಿಂದ ನೋಡಬೇಕು. ಇದು ಹಾಗಿಲ್ಲವಲ್ಲ. ಎದುರಂಗಡಿಯವರು ಯಕ್ಷಗಾನ ಅಂದರು. ಯಕ್ಷಗಾನದಲ್ಲಿ ಮುಖಕ್ಕೆ ಬಣ್ಣ ಬಳೀತಾರೆ, ಮರದ ಮುಖ ಕಟ್ಟಿಕೊಳ್ಳಲ್ಲ. ಬೆಂಗಳೂರಲ್ಲಿ ಏನು ಕೇಳಿದರೂ ಯಾರೂ ಗೊತ್ತಿಲ್ಲ ಅನ್ನಲ್ಲ, ಅದೊಂದು ಅನುಕೂಲ.

ಕೊನೆಗೆ ದಾರಿ ತೋರಿಸಿದ್ದು ಪಕ್ಕದ ವಾದ್ಯದ ಅಂಗಡಿಯಲ್ಲಿ ಚರ್ಮ ಎಳೆದು ಕಟ್ಟುವ ರಫೀಕಣ್ಣ. ಫೋಟೋ ನೋಡಿದವರೇ ಕೈಯೊರೆಸಿಕೊಂಡರು.

"ಸೋಮನ ಕುಣಿತ ಕಣೋ. ತುಮಕೂರು, ಮಂಡ್ಯ, ಮಾಗಡಿ ಕಡೆ ಅಮ್ಮನ ಹಬ್ಬಕ್ಕೆ ಸೋಮ ಬರಲೇಬೇಕು. ಅಮ್ಮನ ಕಾವಲಿನವನು ಅವನು. ಆ ಮುಖ ಮರದ್ದು, ಬಲು ಭಾರ. ಬಟ್ಟೆ ಸುತ್ತಿ ಬಿಗಿದು ಕಟ್ತಾರೆ. ಹಬ್ಬ ಮುಗಿದ ಮೇಲೆ ಗುಡಿಯಲ್ಲಿಟ್ಟು ಪೂಜೆ ಮಾಡ್ತಾರೆ."

"ಹೊತ್ತವನ ಹೆಸರು?"

"ಅದು ನಂಗೇನು ಗೊತ್ತು? ಮಾಗಡಿ ಕಡೆಯ ಒಂದು ಮೇಳದವರು ದೋಣು ರಿಪೇರಿಗೆ ನಮ್ಮಲ್ಲೇ ಬರ್ತಾರೆ. ಶನಿವಾರ ಬಾ."

ಶನಿವಾರ ಬಂದವರು ಪುಟ್ಟರಾಜು. ನೆರೆತ ಗಡ್ಡ, ಹೆಗಲ ಮೇಲೆ ಟವಲು. ಫೋಟೋ ಕೈಗೆ ಬಂದದ್ದೇ ತಡ, ಮುಖ ಅರಳಿತು.

"ಇದು ನಾನೇ ಕಣಪ್ಪ! ಕೈ ನೋಡು, ಎಡಗೈ. ನಮ್ಮ ಮೇಳದಲ್ಲಿ ಎಡಚ ಅಂದ್ರೆ ನಾನೊಬ್ಬನೇ. ಆ ವರ್ಷ ಕುಣಿಯೋರು ಅಂತ ಹೋದದ್ದು ನಾನು, ನಮ್ಮಣ್ಣ ಗಂಗಾಧರಯ್ಯ, ಇಬ್ಬರೇ. ಅವನು ಜ್ವರ ಅಂತ ಮೂಲೆ ಹಿಡಿದ. ರಾತ್ರಿಯಿಂದ ಬೆಳಗಿನ ತನಕ ಮುಖ ಇಳಿಸದೆ ಕುಣಿದೋನು ನಾನು. ಅದನ್ನ ನೋಡೇ ನಮ್ಮಪ್ಪ, ಇನ್ಮೇಲೆ ದೊಡ್ಡ ಹಬ್ಬಕ್ಕೆ ಮುಖ ಹೊರೋನು ಪುಟ್ಟನೇ ಅಂದ್ಬಿಟ್ರು."

"ನಿಮ್ಮಣ್ಣ ಏನಂದ್ರು?"

"ಅವನಾ? ನಾನೂ ಕುಣಿದೆ ಅಂತಾನೆ. ಇವತ್ತಿಗೂ ಅದೇ ಜಗಳ." ಫೋಟೋ ಮೇಲೆ ಬೆರಳಿಟ್ಟು ಕುಟ್ಟಿದರು. "ಇಲ್ಲಿದೆ ನೋಡು ಸಾಕ್ಷಿ."

ಚೇತನ್ ಅವತ್ತೇ ಪಟ್ಟಿ ಬರೆದ. 'ಸೋಮನ ಕುಣಿತ. ಕಲಾವಿದರು: ಪುಟ್ಟರಾಜು. 1991.' ರಾಜು ಅನ್ನೋದರಲ್ಲಿ ಕೊಂಬು ಸ್ವಲ್ಪ ಉದ್ದವಾಯಿತು ಅಂತ ಇನ್ನೊಂದು ಸಲ ಬರೆದ. ಫೋಟೋವನ್ನು ಫ್ರೇಮಿಗೆ ಕೂರಿಸುವ ಮುಂಚೆ ಸುಮ್ನೆ ಭೂತಗನ್ನಡಿ ಹಿಡಿದು ಸುತ್ತ ನಿಂತವರನ್ನು ನೋಡುತ್ತಾ ಹೋದ. ಬೆಳಗಿನ ಬಿಸಿಲು, ಉದ್ದುದ್ದ ನೆರಳು. ಐಸ್ ಕ್ಯಾಂಡಿ ಚೀಪುತ್ತಿದ್ದ ಹುಡುಗ. ಗುಡಿ ಜಗಲಿ ಮೇಲೆ ಯಾರೋ ಮುಸುಕು ಹಾಕಿ ಮಲಗಿದ್ದರು. ಮುಂದಿನ ಸಾಲಿನಲ್ಲಿ ನಿಂತಿದ್ದ ಗಂಡಸಿನ ಅಂಗಿಯಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಜೇಬು ಬಲಗಡೆಗಿದೆ. ಚೇತನ್ ತನ್ನ ಅಂಗಿ ಮುಟ್ಟಿ ನೋಡಿಕೊಂಡ, ಎಡಗಡೆ. ಪಕ್ಕದವನ ಜೇಬೂ ಬಲಕ್ಕೇ.

ಪಟ ಒಯ್ಯಲು ಬಂದಿದ್ದ ಅಜ್ಜಿಗೆ ತೋರಿಸಿದ. ಅವರು ಜೇಬು ನೋಡಲಿಲ್ಲ, ಹೆಂಗಸರನ್ನು ನೋಡಿದರು.

"ಅಯ್ಯೋ, ಎಲ್ಲರ ಸೆರಗೂ ಬಲಭುಜದ ಮೇಲಿದೆಯಲ್ಲೋ! ನಮ್ಮ ಕಡೆ ಯಾರು ಹಾಗೆ ಉಡ್ತಾರೆ?" ಆಮೇಲೆ ನಗು ಬಂತು ಅವರಿಗೆ. "ನಮ್ಮ ಬಚ್ಚಲುಮನೇನೇ ಇವರ ಡಾರ್ಕ್ ರೂಮು. ನೆಗೆಟಿವ್ ತಿರುವುಮುರುವು ಇಟ್ಟು ಪ್ರಿಂಟ್ ಹಾಕಿದಾರೆ. ಎಡ ಬಲ ಆಗಿದೆ, ಬಲ ಎಡ."

ಅಂಗಡಿಯಲ್ಲಿ ಕನ್ನಡಿಗೇನು ಬರ. ಚೇತನ್ ಫೋಟೋವನ್ನು ಒಂದರ ಎದುರು ಹಿಡಿದ. ಜೇಬು ಎಡಕ್ಕೆ ಬಂತು, ಸೆರಗು ಎಡಕ್ಕೆ ಬಂತು. ಬೆತ್ತ ಬಲಗೈಗೆ ಹೋಯಿತು.

ಈಗ ಇದನ್ನು ಪುಟ್ಟರಾಜುಗೆ ಹೇಳೋದು ಹೇಗೆ? "ಹೇಳಬೇಡ, ದುಡ್ಡು ಕೊಟ್ಟು ಒಂದು ಕಾಪಿ ಆರ್ಡರ್ ಮಾಡಿದಾರೆ" ಅಂದರು ಮಾವ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯಾದ ಮಾತೇ.

ಪುಟ್ಟರಾಜು ದೋಣು ಒಯ್ಯಲು ಬಂದಾಗ ಚೇತನ್ ಮಾತಾಡದೆ ಅವರನ್ನು ಕನ್ನಡಿ ಮುಂದೆ ನಿಲ್ಲಿಸಿ ಫೋಟೋ ಹಿಡಿದ. ಮೊದಲು ಅರ್ಥ ಆಗಲಿಲ್ಲ. ಜೇಬು ತೋರಿಸಿದ, ಸೆರಗು ತೋರಿಸಿದ. ಅವರು ಟವಲು ತೆಗೆದು ಕತ್ತು ಒರೆಸಿಕೊಂಡರು. ಫೋಟೋ ನೋಡಿದರು, ಕನ್ನಡಿ ನೋಡಿದರು.

"ಆ ಹೆಜ್ಜೇನೂ ಅಣ್ಣಂದೇ" ಅಂದರು ಕೊನೆಗೆ. "ಮಂಡಿ ಅಷ್ಟು ಮೇಲೆ ಎತ್ತೋದು ಅವನೇ. ಮೊದಲೇ ನೋಡಬೇಕಿತ್ತು, ಕೈ ನೋಡ್ಕೊಂಡು ಕೂತೆ."

"ಹೆಸರು ಬದಲಾಯಿಸ್ಲಾ?"

ಅವರು ಉತ್ತರ ಕೊಡದೆ ಮೊಬೈಲ್ ತೆಗೆದು ಸ್ಪೀಕರ್ ಹಾಕಿದರು. ಅವರಿಗೆ ಕಿವಿ ಸ್ವಲ್ಪ ಮಂದ.

"ಅಣ್ಣಾ, ಎಲ್ಲಿದೀಯ?"

"ತೋಟದಲ್ಲಿ. ಏನಾಯ್ತು?"

"ತೊಂಬತ್ತೊಂದರ ಅಮ್ಮನ ಹಬ್ಬ. ನೀನು ಕುಣಿದಿದ್ದೆ ಕಣಣ್ಣ. ಫೋಟೋ ಸಿಕ್ಕಿದೆ."

ಆ ಕಡೆ ಪಂಪ್‌ಸೆಟ್ ಸದ್ದಷ್ಟೇ ಕೇಳಿಸಿತು.

"ನಾನು ಕುಣಿದಿದ್ದು ನನಗೆ ಗೊತ್ತಿಲ್ವೇನೋ? ಜ್ವರ ಬಿಟ್ಟ ಮೇಲೆ ಬೆಳಗಿನ ಜಾವ ಮುಖ ಹೊತ್ತವನು ನಾನು. ಅಪ್ಪ ಆಗ ಊರಿಗೆ ಹೊರಟುಬಿಟ್ಟಿದ್ರು."

"ಸರಿ ಬಿಡು. ಇಲ್ಲೊಬ್ಬ ಹುಡುಗ ನಿನ್ನ ಹೆಸರು ಬರೀತಾನೆ. ಹೇಗೆ ಬರೀಬೇಕು ಹೇಳು."

"ಗಂಗಾಧರಯ್ಯ ಬಿನ್ ಲೇಟ್ ಕರಿಯಪ್ಪ. ಪಹಣಿಯಲ್ಲಿರೋ ಹಾಗೇ ಇರ್ಲಿ."

ಪಟ್ಟಿ ಅಷ್ಟು ಉದ್ದ ಇಲ್ಲ ಅಂತ ಮಾವ ಸನ್ನೆ ಮಾಡಿದರು. ಚೇತನ್ ಕಾಣದವನ ಹಾಗೆ ಬರೆದುಕೊಂಡ.

"ಲೋ ಮಗು," ಫೋನಿನಿಂದ ಮತ್ತೆ ದನಿ ಬಂತು. "ಆ ಫೋಟೋದಲ್ಲಿ ಗುಡಿ ಜಗಲಿ ಕಾಣುತ್ತಾ? ಅಲ್ಲಿ ಯಾರಾದ್ರೂ ಮಲಗಿದಾರಾ ನೋಡು."

"ಇದಾರೆ. ಕಂಬಳಿ ಹೊದ್ಕೊಂಡಿದಾರೆ, ಮುಖ ಕಾಣಲ್ಲ."

"ಅದು ನಾನಲ್ಲಪ್ಪ!" ಅಂದರು ಪುಟ್ಟರಾಜು ತಕ್ಷಣ. "ನನ್ನ ಹತ್ರ ಆಗ ಕಂಬಳೀನೇ ಇರ್ಲಿಲ್ಲ."

"ಕಂಬಳಿ ನಂದು" ಅಂದರು ಗಂಗಾಧರಯ್ಯ.

ಅಜ್ಜಿ ಚೇತನನ ಕೈಯಿಂದ ಭೂತಗನ್ನಡಿ ಕಿತ್ತುಕೊಂಡು, "ಎಲ್ಲಿ, ಅವರ ಹೆಸರೂ ಹಾಕಬೇಕಲ್ವಾ?" ಅಂತ ಫೋಟೋ ಮೇಲೆ ಬಾಗಿದರು.